ಕಾರ್ಡ್ ಬದಲಾದರೂ ನಿಲ್ಲದ ಚಂದಾ
(ಹೊಸ ಅಗ್ರಹಾರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ನಾನು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವ ಒಂದು ಪ್ರಶ್ನೆಯಿದೆ. "ಹಳೇ ಕಾರ್ಡು ಬ್ಲಾಕ್ ಮಾಡಿಸಿ ಹೊಸದು ತಗೊಂಡ್ವಿ ಸಾರ್. ಆದ್ರೂ ತಿಂಗ್ಳು ತಿಂಗ್ಳು ದುಡ್ಡು ಕಟ್ ಆಗ್ತಾನೇ ಇದೆ. ಹೊಸ ನಂಬರು ಅವ್ರಿಗೆ ಕೊಟ್ಟೋರು ಯಾರು?" ಈ ದತ್ತಿಯ ಉಪನ್ಯಾಸಕ್ಕೆ ಕರೆ ಬಂದಾಗ ಬೇರೆ ವಿಷಯ ಹುಡುಕುವ ಅಗತ್ಯ ನನಗೆ ಕಾಣಲಿಲ್ಲ.

ಈ ಪ್ರಶ್ನೆ ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಒಂದು, ಮಗನೋ ಮಗಳೋ ಅಮೆರಿಕದಲ್ಲಿದ್ದು, ಅಲ್ಲಿನ ಬ್ಯಾಂಕಿನ ಕಾರ್ಡ್ ಬಳಸುವವರು. ಇನ್ನೊಂದು, ಇಲ್ಲಿಯೇ ಖಾತೆ ಇಟ್ಟುಕೊಂಡು ಇಲ್ಲಿಯ ಡೆಬಿಟ್ ಕಾರ್ಡ್ ಬಳಸುವವರು. ಇಬ್ಬರಿಗೂ ಆಗುವುದು ಮೇಲುನೋಟಕ್ಕೆ ಒಂದೇ. ಕಾರಣ ಮಾತ್ರ ಪೂರ್ತಿ ಬೇರೆ. ಒಬ್ಬರಿಗೆ ಹೇಳಿದ ಪರಿಹಾರ ಇನ್ನೊಬ್ಬರಿಗೆ ಕೆಲಸಕ್ಕೆ ಬರುವುದಿಲ್ಲ. ಅಮೆರಿಕದ ಕಾರ್ಡಿನಿಂದ ಶುರು ಮಾಡುತ್ತೇನೆ, ಏಕೆಂದರೆ ಕಾರ್ಡಿನ ವಿವರ ತಾನಾಗಿ ಬದಲಾಗುವ ವ್ಯವಸ್ಥೆ ಪೂರ್ಣ ರೂಪದಲ್ಲಿ ನಡೆಯುತ್ತಿರುವುದು ಅಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಹೋಬಳಿಯ ಹೆಣ್ಣುಮಗಳೊಬ್ಬಳು ನ್ಯೂಜೆರ್ಸಿಯಲ್ಲಿದ್ದಾಳೆ. ಊರಿನಲ್ಲಿರುವ ಅಪ್ಪ ಅಮ್ಮ ಅಲ್ಲಿಗೆ ಹೋಗಿದ್ದಾಗ ಧಾರಾವಾಹಿ ನೋಡಲೆಂದು ಒಂದು ವಿಡಿಯೊ ಸೇವೆಗೆ ತಿಂಗಳಿಗೆ 9.99 ಡಾಲರಿನ ಚಂದಾ ಕಟ್ಟಿದ್ದಳು. ಅವರು ಊರಿಗೆ ಮರಳಿದ ಮೇಲೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಮಾರ್ಚ್ 4ರಂದು ಅಂಗಡಿಯಲ್ಲಿ ಕಾರ್ಡ್ ಕಳೆದುಹೋಯಿತು. ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸಿದಳು. ಹೇಗೂ ಹಳೆಯ ನಂಬರ್ ಸತ್ತಿತಲ್ಲ, ವಿಡಿಯೊ ಚಂದಾ ತಾನಾಗಿಯೇ ನಿಲ್ಲುತ್ತದೆ ಎಂದುಕೊಂಡಳು. ಮಾರ್ಚ್ 11ಕ್ಕೆ ಹೊಸ ಕಾರ್ಡ್ ಅಂಚೆಯಲ್ಲಿ ಬಂತು. ಅದರ ಕೊನೆಯ ನಾಲ್ಕು ಅಂಕಿ 4417. ಆ ನಂಬರನ್ನು ಅವಳು ಎಲ್ಲಿಯೂ ಟೈಪ್ ಮಾಡಲಿಲ್ಲ. ಮಾರ್ಚ್ 18ಕ್ಕೆ 9.99 ಡಾಲರ್ ಹೊಸ ಕಾರ್ಡಿನಿಂದ ಕಡಿತವಾಯಿತು.

ಮಾರ್ಚ್ 4ಕ್ಕೂ 18ಕ್ಕೂ ನಡುವೆ ಏನಾಯಿತು ಎಂಬುದೇ ಇಲ್ಲಿ ತಿಳಿಯಬೇಕಾದದ್ದು.

ಕಾರ್ಡ್ ವಹಿವಾಟಿನಲ್ಲಿ ನಾಲ್ಕು ಪಾತ್ರಗಳಿವೆ. ಕಾರ್ಡ್ ಕೊಟ್ಟ ಬ್ಯಾಂಕ್ ಒಂದು ತುದಿಯಲ್ಲಿ, ಹಣ ಪಡೆಯುವ ಕಂಪನಿ ಇನ್ನೊಂದು ತುದಿಯಲ್ಲಿ. ಕಂಪನಿಯ ಪರವಾಗಿ ವಸೂಲಿ ಮಾಡಿಕೊಡುವ ಬ್ಯಾಂಕ್ ಬೇರೆ. ಎರಡೂ ಬ್ಯಾಂಕುಗಳ ನಡುವೆ ಮಾತು ಸಾಗಿಸುವುದು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲ. ಮಗಳು ಫೋನ್ ಮಾಡಿದೊಡನೆ ಅವಳ ಬ್ಯಾಂಕ್ ಹಳೆಯ ನಂಬರನ್ನು ಮುಚ್ಚಿ ಹೊಸ ನಂಬರ್ ಹುಟ್ಟಿಸಿತು. ಅಲ್ಲಿಗೆ ನಿಲ್ಲದೆ ಆ ಬ್ಯಾಂಕ್ ಜಾಲಕ್ಕೆ ಒಂದು ವರದಿ ಕಳಿಸಿತು. ಇಂಥ ಹಳೆಯ ನಂಬರ್, ಅದರ ಹಳೆಯ ಅವಧಿ. ಅದಕ್ಕೆ ಬದಲಾಗಿ ಇಂಥ ಹೊಸ ನಂಬರ್, ಅದರ ಹೊಸ ಅವಧಿ. ಇಷ್ಟೇ ವರದಿ. ವೀಸಾದಲ್ಲಿ ಈ ಸೇವೆಗೆ ಅಕೌಂಟ್ ಅಪ್‌ಡೇಟರ್ ಎಂದೂ ಮಾಸ್ಟರ್‌ಕಾರ್ಡಿನಲ್ಲಿ ಆಟೊಮ್ಯಾಟಿಕ್ ಬಿಲ್ಲಿಂಗ್ ಅಪ್‌ಡೇಟರ್ ಎಂದೂ ಹೆಸರು.

ಅತ್ತ ವಿಡಿಯೊ ಕಂಪನಿಯ ಬಳಿ ಲಕ್ಷಗಟ್ಟಲೆ ಗ್ರಾಹಕರ ಕಾರ್ಡ್ ವಿವರ ಇರುತ್ತದೆ. ಬಿಲ್ಲಿನ ದಿನ ಬರುವ ಮೊದಲು ಅದು ತನ್ನ ವಸೂಲಿ ಬ್ಯಾಂಕಿನ ಮೂಲಕ ಆ ಪಟ್ಟಿಯನ್ನು ಜಾಲಕ್ಕೆ ಕಳಿಸಿ, ಇವುಗಳಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೇಳುತ್ತದೆ. ಜಾಲ ಎರಡನ್ನೂ ಹೊಂದಿಸಿ ನೋಡಿ ಒಂದೊಂದು ಕಾರ್ಡಿಗೂ ಒಂದು ಅಕ್ಷರದ ಉತ್ತರ ಕೊಡುತ್ತದೆ. ವೀಸಾದಲ್ಲಿ A ಎಂದರೆ ನಂಬರೇ ಬದಲಾಗಿದೆ, ಹೊಸದು ಇಲ್ಲಿದೆ ಎಂದು. E ಎಂದರೆ ನಂಬರ್ ಅದೇ, ಅವಧಿ ಮಾತ್ರ ಹೊಸದು. C ಎಂದರೆ ಖಾತೆ ಮುಚ್ಚಿದೆ, ಇನ್ನು ಬಿಲ್ ಮಾಡಬೇಡಿ. Q ಎಂದರೆ ನಾವು ಹೇಳುವುದಿಲ್ಲ, ಕಾರ್ಡುದಾರರನ್ನೇ ಕೇಳಿ. ನಮ್ಮ ಹುಡುಗಿಯ ಕಾರ್ಡಿಗೆ ಬಂದದ್ದು A. ಕಂಪನಿಯ ಕಡತದಲ್ಲಿ ಹಳೆಯ ನಂಬರ್ ಅಳಿಸಿ 4417ರಲ್ಲಿ ಕೊನೆಯಾಗುವ ನಂಬರ್ ಕೂತಿತು. ಅವಧಿ ಮುಗಿದು ಅದೇ ನಂಬರಿನ ಹೊಸ ಕಾರ್ಡ್ ಬಂದಿದ್ದರೆ E ಬರುತ್ತಿತ್ತು, ಫಲ ಮಾತ್ರ ಇದೇ ಆಗುತ್ತಿತ್ತು.

ಊರು ಬಿಟ್ಟವರ ಕಾಗದಗಳನ್ನು ಅಂಚೆ ಕಚೇರಿ ಹೊಸ ವಿಳಾಸಕ್ಕೆ ತಿರುಗಿಸಿ ಕಳಿಸುತ್ತದಲ್ಲ, ಇದೂ ಹಾಗೆಯೇ. ಒಂದೇ ವ್ಯತ್ಯಾಸವೆಂದರೆ ಅಂಚೆಗೆ ಅರ್ಜಿ ಕೊಡುವವರು ನಾವು. ಇಲ್ಲಿ ನಮ್ಮ ಪರವಾಗಿ ಬ್ಯಾಂಕೇ ಅರ್ಜಿ ಕೊಟ್ಟುಬಿಡುತ್ತದೆ.

ಹೊಸ ಕಾರ್ಡಿನ ಹಿಂಭಾಗದ ಮೂರು ಅಂಕಿ ಅವರಿಗೆ ಹೇಗೆ ಸಿಕ್ಕಿತು ಎಂದು ಕೆಲವರು ಕೇಳುತ್ತಾರೆ. ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಆ ಮೂರು ಅಂಕಿಯನ್ನು ಮೊದಲ ಸಲ ಕಾರ್ಡ್ ನೋಂದಾಯಿಸುವಾಗ ಕೇಳುತ್ತಾರೆ. ವಹಿವಾಟು ಆದ ಮೇಲೆ ಅದನ್ನು ಇಟ್ಟುಕೊಳ್ಳಲು ಯಾವ ಕಂಪನಿಗೂ ಅನುಮತಿ ಇಲ್ಲ. ಆಮೇಲಿನ ತಿಂಗಳುಗಳ ಬಿಲ್ "ಗ್ರಾಹಕರು ಮೊದಲೇ ಒಪ್ಪಿದ್ದಾರೆ, ಈಗ ಕಂಪನಿಯೇ ಶುರುಮಾಡಿದ ವಸೂಲಿ ಇದು" ಎಂಬ ಗುರುತಿನೊಂದಿಗೆ ಹೋಗುತ್ತದೆ. ಕಾರ್ಡ್ ಕೊಟ್ಟ ಬ್ಯಾಂಕ್ ಆ ಗುರುತು ನೋಡಿ, ಖಾತೆಯಲ್ಲಿ ಹಣವಿದೆಯೇ ನೋಡಿ, ಸರಿ ಎನ್ನುತ್ತದೆ. ಒಪ್ಪಿಗೆ ಇರುವುದು ಪ್ಲಾಸ್ಟಿಕ್ಕಿನಲ್ಲಿ ಅಲ್ಲ. ಅದು ನಿಮಗೂ ಕಂಪನಿಗೂ ನಡುವೆ ಇದೆ. ಪ್ಲಾಸ್ಟಿಕ್ ಮುರಿದು ಎಸೆದರೂ ಆ ಒಪ್ಪಿಗೆ ಜೀವಂತವಾಗಿರುತ್ತದೆ. ಕಾರ್ಡ್ ಬ್ಲಾಕ್ ಮಾಡಿಸುವುದು ಕಳ್ಳನನ್ನು ತಡೆಯುವ ಕ್ರಮ. ಚಂದಾ ರದ್ದು ಮಾಡುವುದು ಬೇರೆಯೇ ಕೆಲಸ, ಅದನ್ನು ಬೇರೆಯಾಗಿಯೇ ಮಾಡಬೇಕು.

ಈ ವ್ಯವಸ್ಥೆಯನ್ನು ಮೋಸವೆಂದು ನಾನು ಹೇಳುವುದಿಲ್ಲ. ಕಾರ್ಡಿನ ಅವಧಿ ಮುಗಿದ ಒಂದೇ ಕಾರಣಕ್ಕೆ ವಿಮೆಯ ಕಂತು ತಪ್ಪಿ, ಆಸ್ಪತ್ರೆಗೆ ಸೇರಿದ ದಿನ ಪಾಲಿಸಿ ಜೀವಂತವಾಗಿಲ್ಲ ಎಂದು ತಿಳಿದರೆ ಆ ಮನೆಯವರ ಗತಿ ಏನು? ಅಂಥ ತಪ್ಪುಗಳನ್ನು ಇದು ತಡೆಯುತ್ತದೆ. ಆದರೆ ಬೇಕಾದ ವಿಮೆ, ಬೇಡವಾದ ಧಾರಾವಾಹಿ ಎಂಬ ಭೇದ ಈ ವ್ಯವಸ್ಥೆಗೆ ಗೊತ್ತಿಲ್ಲ. ಎರಡನ್ನೂ ಒಂದೇ ಸಮನೆ ಹೊಸ ನಂಬರಿಗೆ ದಾಟಿಸುತ್ತದೆ. ಗ್ರಾಹಕರನ್ನು ಒಂದು ಮಾತು ಕೇಳಿ ದಾಟಿಸಬಹುದಿತ್ತು. ಕೇಳದೆ ದಾಟಿಸುವುದು ನನ್ನ ದೃಷ್ಟಿಯಲ್ಲಿ ಆ ವ್ಯವಸ್ಥೆಯ ನಿಜವಾದ ಕೊರತೆ.

ಕಡಿತವಾಗಿದ್ದು ಇದೇ ಕಾರಣದಿಂದಲೇ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಸುಲಭದ ದಾರಿ ಇದೆ. ಆ ಕಂಪನಿಯ ಆ್ಯಪ್ ಅಥವಾ ಜಾಲತಾಣಕ್ಕೆ ಲಾಗಿನ್ ಆಗಿ, ಪಾವತಿ ವಿಧಾನದ ಪುಟ ತೆರೆದು, ಅಲ್ಲಿ ಕಾಣುವ ಕೊನೆಯ ನಾಲ್ಕು ಅಂಕಿ ನೋಡಬೇಕು. ನೀವು ಎಂದೂ ಟೈಪ್ ಮಾಡದ 4417 ಅಲ್ಲಿ ಕೂತಿದ್ದರೆ ಅಪ್‌ಡೇಟರ್ ಕೆಲಸ ಮಾಡಿದೆ ಎಂದರ್ಥ. ಹಳೆಯ ಅಂಕಿಗಳೇ ಇದ್ದು, ಆದರೂ ಹಣ ಹೋಗಿದ್ದರೆ ಎರಡು ಸಾಧ್ಯತೆ. ಒಂದೋ ಹಳೆಯ ನಂಬರಿಗೆ ಬಂದ ವಸೂಲಿಯನ್ನು ಬ್ಯಾಂಕೇ ಒಳಗಿನಿಂದ ಹೊಸ ಕಾರ್ಡಿನ ಖಾತೆಗೆ ತಿರುಗಿಸಿದೆ. ಇಲ್ಲವೇ ಕಂಪನಿಯ ಬಳಿ ಇರುವುದು ಕಾರ್ಡ್ ನಂಬರೇ ಅಲ್ಲ, ಟೋಕನ್. ಟೋಕನ್ ಎಂದರೆ ಕಾರ್ಡ್ ನಂಬರಿನ ಬದಲಿಗೆ ಜಾಲ ಕೊಟ್ಟ ಬೇರೊಂದು ಸಂಖ್ಯೆ. ಅದರ ಬೆನ್ನಿಗೆ ಯಾವ ಕಾರ್ಡಿದೆ ಎಂಬ ಲೆಕ್ಕ ಜಾಲದ ಬಳಿ ಇರುತ್ತದೆ. ಕಾರ್ಡ್ ಬದಲಾದಾಗ ಜಾಲ ಆ ಬೆನ್ನಿನ ನಂಬರನ್ನಷ್ಟೇ ಬದಲಿಸುತ್ತದೆ. ಕಂಪನಿಯ ಕಡತದಲ್ಲಿರುವ ಟೋಕನ್ ಇದ್ದಂತೆಯೇ ಇರುತ್ತದೆ. ಅಲ್ಲಿ ಯಾರೂ ಯಾರನ್ನೂ ವಿಚಾರಿಸುವ ಪ್ರಮೇಯವೇ ಬರುವುದಿಲ್ಲ.

ಇನ್ನೊಂದು ಸಂಗತಿ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಕಡಿತದ ಎದುರು ವಿಡಿಯೊ ಕಂಪನಿಯ ಹೆಸರಿಲ್ಲದೆ ಮೊಬೈಲಿನ ಆ್ಯಪ್ ಅಂಗಡಿಯ ಹೆಸರೋ ಒಂದು ವ್ಯಾಲೆಟ್ಟಿನ ಹೆಸರೋ ಇದ್ದರೆ, ಚಂದಾ ಅವರ ಮೂಲಕ ಶುರುವಾಗಿದೆ. ಆಗ ವಿಡಿಯೊ ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಏನೂ ಪ್ರಯೋಜನವಿಲ್ಲ. ಆ್ಯಪ್ ಅಂಗಡಿಯ ಸಬ್‌ಸ್ಕ್ರಿಪ್ಷನ್ ಪಟ್ಟಿಗೆ ಹೋಗಿ ಅಲ್ಲಿ ರದ್ದು ಮಾಡಬೇಕು.

ಈ ಏರ್ಪಾಟಿಗೆ ಮಿತಿಗಳೂ ಉಂಟು. ಕಂಪನಿ ಈ ಸೇವೆಗೆ ಸೇರಿರಬೇಕು, ಕಾರ್ಡ್ ಕೊಟ್ಟ ಬ್ಯಾಂಕೂ ಸೇರಿರಬೇಕು. ಒಂದು ಬ್ಯಾಂಕಿನ ಖಾತೆ ಮುಚ್ಚಿ ಮತ್ತೊಂದು ಬ್ಯಾಂಕಿನಲ್ಲಿ ಕಾರ್ಡ್ ತೆಗೆದುಕೊಂಡರೆ ಸಾಮಾನ್ಯವಾಗಿ ಯಾವ ವಿವರವೂ ದಾಟುವುದಿಲ್ಲ, ಏಕೆಂದರೆ ಹಳೆಯ ಬ್ಯಾಂಕಿಗೆ ಹೊಸ ಬ್ಯಾಂಕಿನ ನಂಬರ್ ಗೊತ್ತಿರುವುದಿಲ್ಲ. ವರದಿ ತಲುಪುವ ಮೊದಲೇ ಬಿಲ್ಲಿನ ದಿನ ಬಂದುಬಿಟ್ಟರೆ ಆ ಸಲದ ವಸೂಲಿ ಫೇಲ್ ಆಗುತ್ತದೆ, ಕೆಲವು ದಿನ ಕಳೆದು ಕಂಪನಿ ಮತ್ತೆ ಪ್ರಯತ್ನಿಸಿದಾಗ ಪಾಸಾಗುತ್ತದೆ. ಇದಕ್ಕೇ ಒಂದು ತಿಂಗಳು ನಿಂತಂತೆ ಕಂಡ ಚಂದಾ ಮರುತಿಂಗಳು ಎದ್ದು ಬರುವುದುಂಟು. ಒಂದು ಚಂದಾ ನಿಂತಿತು, ಇನ್ನೊಂದು ನಿಲ್ಲಲಿಲ್ಲ ಎಂದು ಒಂದೇ ಮನೆಯಲ್ಲಿ ಗೊಂದಲವಾಗುವುದಕ್ಕೂ ಕಾರಣ ಇವೇ.

ಹಾಗಾದರೆ ನ್ಯೂಜೆರ್ಸಿಯ ನಮ್ಮ ಹುಡುಗಿ ಏನು ಮಾಡಬೇಕು? ಮೊದಲು ಕಂಪನಿಯ ಪುಟದಲ್ಲಿಯೇ ಚಂದಾ ರದ್ದು ಮಾಡಿ, ರದ್ದಾಯಿತು ಎಂದು ಬರುವ ಇಮೇಲನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಆ ಇಮೇಲಿನ ತಾರೀಖು ಮುಂದೆ ಯಾವ ವಾದಕ್ಕೂ ಆಧಾರ. ಕಂಪನಿ ಸ್ಪಂದಿಸದಿದ್ದರೆ ಬ್ಯಾಂಕಿಗೆ ಫೋನ್ ಮಾಡಬೇಕು. ಅಲ್ಲಿ "ಕಾರ್ಡ್ ಬದಲಿಸಿ ಕೊಡಿ" ಎಂದು ಕೇಳಿದರೆ ಮತ್ತೆ ಅದೇ ಸುತ್ತು ಶುರುವಾಗುತ್ತದೆ. "ಈ ಕಂಪನಿಯ ಮುಂದಿನ ವಸೂಲಿಗಳನ್ನು ತಡೆಯಿರಿ" ಎಂದು ಕೇಳಬೇಕು. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಇದಕ್ಕೆಂದೇ ಬೇರೆ ಸೌಲಭ್ಯವಿದೆ. ಡೆಬಿಟ್ ಕಾರ್ಡಾದರೆ ಅಮೆರಿಕದ ರೆಗ್ಯುಲೇಷನ್ ಇ ಎಂಬ ನಿಯಮದ ಪ್ರಕಾರ, ಕಡಿತದ ದಿನಕ್ಕೆ ಕನಿಷ್ಠ 3 ವಹಿವಾಟು ದಿನ ಮುಂಚೆ ತಿಳಿಸಿದರೆ ಬ್ಯಾಂಕ್ ಅದನ್ನು ತಡೆಯಲೇಬೇಕು. ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಆದರೆ 14 ದಿನದೊಳಗೆ ಬರಹದಲ್ಲಿ ಕೊಡಿ ಎಂದು ಬ್ಯಾಂಕ್ ಕೇಳಬಹುದು. ಕೇಳಿಯೂ ಕೊಡದಿದ್ದರೆ ತಡೆ ಬಿದ್ದುಹೋಗುತ್ತದೆ. ಕ್ರೆಡಿಟ್ ಕಾರ್ಡಾದರೆ ರದ್ದಾದ ಮೇಲೂ ಬಂದ ಬಿಲ್ಲನ್ನು, ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಬರಹದಲ್ಲಿ ಪ್ರಶ್ನಿಸಬೇಕು. ನನ್ನ ಕಾರ್ಡಿನ ವಿವರ ಅಪ್‌ಡೇಟರಿಗೆ ಕೊಡಬೇಡಿ ಎಂದು ಬ್ಯಾಂಕಿಗೆ ಹೇಳುವ ಅವಕಾಶವನ್ನೂ ಹಲವು ಬ್ಯಾಂಕುಗಳು ಇಟ್ಟಿವೆ. ಆದರೆ ಹಾಗೆ ಹೇಳಿದ ಮೇಲೆ ಮುಂದಿನ ಸಲ ಕಾರ್ಡ್ ಬದಲಾದಾಗ ಕಾರಿನ ವಿಮೆ, ಕರೆಂಟು, ಫೋನಿನ ಬಿಲ್ಲುಗಳಿಗೆಲ್ಲ ಹೊಸ ನಂಬರನ್ನು ಅವಳೇ ಕೂತು ಕೊಡಬೇಕು.

ಈಗ ನಮ್ಮ ಊರಿಗೆ ಬರುತ್ತೇನೆ.

ಭಾರತದಲ್ಲಿ ಕೊಟ್ಟ ಕಾರ್ಡಿನ ಕಥೆ 2021ರ ಅಕ್ಟೋಬರ್ 1ರಿಂದ ಬೇರೆಯಾಯಿತು. ರಿಸರ್ವ್ ಬ್ಯಾಂಕ್ 2019ರ ಆಗಸ್ಟಿನಲ್ಲಿಯೇ ಇ-ಮ್ಯಾಂಡೇಟಿನ ನಿಯಮ ಹೊರಡಿಸಿತ್ತು. ಗಡುವನ್ನು ಮುಂದೂಡುತ್ತ ಬಂದು, ಕೊನೆಗೆ ಆ ದಿನದಿಂದ ನಿಯಮಕ್ಕೆ ಹೊಂದದ ಕಡಿತಗಳು ನಿಂತುಹೋದವು. ಹೊರದೇಶದ ಸೇವೆಗಳಿಗೆ ಚಂದಾ ಕಟ್ಟುತ್ತಿದ್ದ ಬೆಂಗಳೂರು, ಮೈಸೂರಿನ ಎಷ್ಟೋ ಮಂದಿಯ ಪಾವತಿ ಆ ತಿಂಗಳು ಫೇಲ್ ಆಯಿತು. ನಿಯಮದ ಸಾರ ಇಷ್ಟು. ತಿಂಗಳ ಕಡಿತಕ್ಕೆ ಕಾರ್ಡ್ ನೋಂದಾಯಿಸುವಾಗ ಒಟಿಪಿ ಕೊಟ್ಟು ಒಪ್ಪಬೇಕು. ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಕಾರ್ಡ್ ಕೊಟ್ಟ ಬ್ಯಾಂಕ್ ತಿಳಿಸಬೇಕು. ಆ ಸಂದೇಶದಲ್ಲಿ ಕಂಪನಿಯ ಹೆಸರು, ಮೊತ್ತ, ದಿನ, ಕಾರಣ ಎಲ್ಲ ಇರಬೇಕು. ಈ ಸಲ ಬೇಡ ಎಂದೋ ಇನ್ನು ಮುಂದೆ ಬೇಡವೇ ಬೇಡ ಎಂದೋ ಹೇಳಲು ದಾರಿ ಇರಬೇಕು. ಒಟಿಪಿ ಇಲ್ಲದೆ ಕಡಿತವಾಗಬಹುದಾದ ಮಿತಿ ಮೊದಲು 2,000 ರೂಪಾಯಿ ಇತ್ತು, ಆಮೇಲೆ 5,000 ಆಯಿತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ವಿಮೆಯ ಕಂತು, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಬಿಲ್ ಇವಕ್ಕೆ 2023ರ ಡಿಸೆಂಬರಿನಲ್ಲಿ 1 ಲಕ್ಷದವರೆಗೆ ಅವಕಾಶ ಕೊಟ್ಟರು.

ಎರಡನೆಯ ಬದಲಾವಣೆ 2022ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅಂದಿನಿಂದ ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ಜಾಲವನ್ನು ಬಿಟ್ಟರೆ ಬೇರೆ ಯಾರೂ ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗಿಲ್ಲ. ಕಂಪನಿಗಳ ಬಳಿ ಉಳಿದದ್ದು ಟೋಕನ್ ಮಾತ್ರ. ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ತಾಗುವ ಮಾತು ಆ ಟೋಕನ್ ನಿಯಮದೊಳಗೇ ಇದೆ: ಕಾರ್ಡ್ ನವೀಕರಣವಾದಾಗ ಅಥವಾ ಬದಲಾದಾಗ, ಮೊದಲು ನೋಂದಾಯಿಸಿದ್ದ ಕಂಪನಿಗಳಿಗೆ ಹೊಸ ಕಾರ್ಡನ್ನು ಜೋಡಿಸಲು ಬ್ಯಾಂಕ್ ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆಯಬೇಕು. ಅಮೆರಿಕದಲ್ಲಿ ಕೇಳದೆ ದಾಟಿಸುವುದನ್ನು ಇಲ್ಲಿ ಕೇಳಿಯೇ ದಾಟಿಸಬೇಕು. ಈ ಒಂದು ಸಾಲು ಬರೆದವರಿಗೆ ನಾನು ಮನಸಾರೆ ಕೃತಜ್ಞ. ಒಪ್ಪಿಗೆಯ ಆ ಪ್ರಶ್ನೆ ನಿಮ್ಮ ಮುಂದೆ ಬಂದಾಗ ಹೌದು ಒತ್ತುವ ಮುನ್ನ ಅದರಲ್ಲಿರುವ ಕಂಪನಿಗಳ ಹೆಸರುಗಳನ್ನು ಓದಿ ನೋಡಿ. ಕಾರ್ಡ್ ಯಾವ ಯಾವ ಕಂಪನಿಯಲ್ಲಿ ಟೋಕನ್ ಆಗಿ ಕೂತಿದೆ ಎಂದು ನೋಡಿ ತೆಗೆದುಹಾಕುವ ಸೌಲಭ್ಯವನ್ನೂ ಬ್ಯಾಂಕ್ ಕೊಡಬೇಕೆಂದು ನಿಯಮವಿದೆ.

ಇದರಿಂದ ಇಲ್ಲಿ ತೊಂದರೆ ತಲೆಕೆಳಗಾಗಿದೆ. ಇಲ್ಲಿಯ ಕಾರ್ಡಿನ ಅವಧಿ ಮುಗಿದರೆ ಅದರ ಮೇಲಿನ ಇ-ಮ್ಯಾಂಡೇಟ್ ಸಾಮಾನ್ಯವಾಗಿ ನಿಂತೇ ಹೋಗುತ್ತದೆ. ಹೊಸ ಕಾರ್ಡಿನಲ್ಲಿ ಮತ್ತೆ ಒಟಿಪಿ ಕೊಟ್ಟು ನೋಂದಾಯಿಸಬೇಕಾಗುತ್ತದೆ. ವಿಮೆಯ ಕಂತನ್ನು ಕಾರ್ಡಿಗೆ ಕಟ್ಟಿಹಾಕಿರುವವರು ಕಾರ್ಡಿನ ಮೇಲೆ ಅಚ್ಚಾಗಿರುವ ತಿಂಗಳನ್ನು ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಹಾಗಿದ್ದ ಮೇಲೆ ಇಲ್ಲಿ ಕಾರ್ಡ್ ಬದಲಿಸಿದವರ ಖಾತೆಯಿಂದಲೂ ಹಣ ಹೋಗುತ್ತಲೇ ಇರುವುದೇಕೆ? ಹೆಚ್ಚಿನ ಪ್ರಸಂಗಗಳಲ್ಲಿ ಉತ್ತರ ಸರಳ. ಆ ಕಡಿತ ಕಾರ್ಡಿನ ಮೇಲೆ ಇರಲೇ ಇಲ್ಲ.

ಬೈಕ್ ಸಾಲ ತೆಗೆದುಕೊಂಡ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಷೋರೂಮಿನಲ್ಲಿ ಫೈನಾನ್ಸ್ ಕಂಪನಿಯ ಹುಡುಗ ಇವನ ಫೋನಿನಲ್ಲಿ ಒಂದು ಲಿಂಕ್ ತೆರೆಸುತ್ತಾನೆ. ಖಾತೆ ನಂಬರ್, ಐಎಫ್‌ಎಸ್‌ಸಿ ತುಂಬಿಸುತ್ತಾನೆ. ಕೊನೆಗೆ ಡೆಬಿಟ್ ಕಾರ್ಡಿನ ನಂಬರ್ ಹಾಕಿಸಿ ಒಟಿಪಿ ಕೇಳುತ್ತಾನೆ. ರೈತನ ಮನಸ್ಸಿನಲ್ಲಿ ಉಳಿಯುವುದು ಕಾರ್ಡ್ ಕೊಟ್ಟೆ ಎಂಬುದು. ಅಲ್ಲಿ ನಿಜವಾಗಿ ಆಗಿರುವುದು ಇ-ನ್ಯಾಚ್. ಕಾರ್ಡ್ ಬಳಕೆಯಾದದ್ದು ಈ ಖಾತೆ ಇವನದೇ ಎಂದು ಆ ಒಂದು ಸಲ ಸಾಬೀತು ಮಾಡುವುದಕ್ಕೆ. ಆಮೇಲೆ ಪ್ರತಿ ತಿಂಗಳು 5ನೇ ತಾರೀಖು ಕಂತು ಹೋಗುವುದು ಖಾತೆಯಿಂದ ನೇರವಾಗಿ. ಎಟಿಎಂನಲ್ಲಿ ಕಾರ್ಡ್ ಸಿಕ್ಕಿಹಾಕಿಕೊಂಡು ಹೊಸ ಕಾರ್ಡ್ ಬರಲಿ, ಕಾರ್ಡೇ ಇಲ್ಲದೆ ವರ್ಷ ಕಳೆಯಲಿ, ಆ ಕಂತಿಗೆ ಏನೂ ಆಗುವುದಿಲ್ಲ. ಪ್ರತಿ ನ್ಯಾಚ್ ಒಪ್ಪಿಗೆಗೆ 20 ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ, UMRN ಎಂದು. ಸಾಲ ತೀರಿದ ಮೇಲೂ ಕಡಿತ ಬಂದರೆ ಬ್ಯಾಂಕಿನ ಶಾಖೆಗೆ ಕೊಡುವ ಅರ್ಜಿಯಲ್ಲಿ ಕಾರ್ಡ್ ನಂಬರ್ ಬರೆದು ಫಲವಿಲ್ಲ, ಈ ಗುರುತನ್ನು ಬರೆದು, ಸಾಲ ತೀರಿದ ಪತ್ರ ಲಗತ್ತಿಸಿ, ಮ್ಯಾಂಡೇಟ್ ರದ್ದು ಮಾಡಿ ಎನ್ನಬೇಕು. ಸಾಲ ಬಾಕಿ ಇರುವಾಗ ಮ್ಯಾಂಡೇಟ್ ರದ್ದು ಮಾಡಿಸಿದರೆ ಕಂತು ತೀರಿದಂತಾಗುವುದಿಲ್ಲ, ಬಾಕಿ ಬೆಳೆಯುತ್ತದೆ ಎಂಬುದೂ ನೆನಪಿರಲಿ.

ಈ ಭಾಗದವರಿಗೆ ಇದರ ಅನುಭವ ಹೊಸದೇನಲ್ಲ. 2017ರ ಏಪ್ರಿಲ್ 1ರಂದು ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬರೋಡಾದೊಳಗೆ ಹೋಯಿತು, ಮೈಸೂರಿನಲ್ಲಿ ಕೇಂದ್ರ ಕಚೇರಿ ಇದ್ದ ಕಾವೇರಿ ಗ್ರಾಮೀಣ ಬ್ಯಾಂಕ್ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ಸೇರಿತು. ನಡುವೆ 2018ರ ಕೊನೆಯೊಳಗೆ ಹಳೆಯ ಮ್ಯಾಗ್ನೆಟಿಕ್ ಪಟ್ಟಿಯ ಕಾರ್ಡುಗಳನ್ನು ಬಿಟ್ಟು ಚಿಪ್ ಕಾರ್ಡಿಗೆ ಬರಬೇಕಾಯಿತು. ಬೋರ್ಡ್ ಬದಲಾಯಿತು, ಪಾಸ್‌ಬುಕ್ ಬದಲಾಯಿತು, ಕಾರ್ಡ್ ಬದಲಾಯಿತು. ಸಾಲದ ಕಂತು ಮಾತ್ರ ಅದರ ಪಾಡಿಗೆ ಅದು ನಡೆದೇ ಇತ್ತು, ಏಕೆಂದರೆ ಅದು ಖಾತೆಯನ್ನು ಹಿಡಿದಿತ್ತು, ಕಾರ್ಡನ್ನಲ್ಲ.

ಇದಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಯುಪಿಐ ಆಟೊಪೇಯಲ್ಲಿ. ಎನ್‌ಪಿಸಿಐ ಇದನ್ನು 2020ರ ಜುಲೈನಲ್ಲಿ ಶುರು ಮಾಡಿತು. ಆ್ಯಪ್ ಒಂದು 1 ರೂಪಾಯಿಗೆ ಕೆಲವು ದಿನ ಬಳಸಿ ನೋಡಿ ಎನ್ನುತ್ತದೆ. ಪಿನ್ ಒತ್ತುತ್ತೇವೆ. ಆ ಪರದೆಯಲ್ಲಿ 1 ರೂಪಾಯಿಯ ಜೊತೆಗೆ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವ ತಾರೀಖಿನವರೆಗೆ ಎಂಬ ಸಾಲುಗಳೂ ಇರುತ್ತವೆ. ಪಿನ್ ಒತ್ತಿದ್ದು ಅವೆಲ್ಲಕ್ಕೂ ಒಪ್ಪಿಗೆ. ಬಳಸಿ ನೋಡುವ ದಿನಗಳು ಮುಗಿದೊಡನೆ ಪೂರ್ತಿ ಮೊತ್ತ ಹೋಗತೊಡಗುತ್ತದೆ. ಆಗ ಅನೇಕರು ಮಾಡುವ ಮೊದಲ ಕೆಲಸ ಡೆಬಿಟ್ ಕಾರ್ಡ್ ಬ್ಲಾಕ್ ಮಾಡಿಸುವುದು. ಯುಪಿಐಗೂ ಕಾರ್ಡಿಗೂ ಗಂಟು ಇದೆ ಎಂದು ಅವರಿಗೆ ಅನಿಸುವುದಕ್ಕೆ ಕಾರಣವೂ ಇದೆ. ಯುಪಿಐ ಪಿನ್ ಹೊಂದಿಸುವಾಗ ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ ಕೇಳಿರುತ್ತಾರೆ. ಅಲ್ಲಿಯೂ ಕಾರ್ಡಿನ ಕೆಲಸ ಆ ಒಂದು ಗಳಿಗೆಯ ಗುರುತು ಹಿಡಿಯುವುದು ಮಾತ್ರ. ಪಿನ್ ಹುಟ್ಟಿದ ಮೇಲೆ ಕಾರ್ಡ್ ಬದಲಾದರೆ ಪಿನ್ ಬದಲಾಗುವುದಿಲ್ಲ, ಆಟೊಪೇಯೂ ನಿಲ್ಲುವುದಿಲ್ಲ. ಚಂದಾದ ಆ್ಯಪನ್ನು ಅಳಿಸಿದರೂ ನಿಲ್ಲುವುದಿಲ್ಲ. ಒಪ್ಪಿಗೆ ಕೊಟ್ಟ ಯುಪಿಐ ಆ್ಯಪನ್ನೇ ತೆರೆದು, ಆಟೊಪೇ ಅಥವಾ ಮ್ಯಾಂಡೇಟ್ ಎಂಬ ಪಟ್ಟಿಗೆ ಹೋಗಿ, ಆ ಕಂಪನಿಯ ಹೆಸರಿನ ಎದುರು ರದ್ದು ಒತ್ತಿ, ಪಿನ್ ಹಾಕಬೇಕು. ಅಲ್ಲಿಗೆ ಮುಗಿಯಿತು.

ಆದ್ದರಿಂದ ಯಾರಾದರೂ ನನ್ನ ಬಳಿ ಬಂದಾಗ ನಾನು ಮೊದಲು ಕೇಳುವುದು ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್. ಕಡಿತದ ಸಾಲಿನಲ್ಲಿ UPI ಎಂದಿದ್ದರೆ ಯುಪಿಐ ಆ್ಯಪ್ ತೆರೆಸುತ್ತೇನೆ. NACH ಅಥವಾ ACH ಎಂದಿದ್ದರೆ ಬ್ಯಾಂಕಿನ ಮ್ಯಾಂಡೇಟ್ ಪಟ್ಟಿ ತೆಗೆಸುತ್ತೇನೆ. ಇವೆರಡೂ ಇಲ್ಲದೆ ಕಾರ್ಡಿನ ಕೊನೆಯ ಅಂಕಿಗಳು ಕಂಡರೆ ಮಾತ್ರ ಕಾರ್ಡಿನ ಇ-ಮ್ಯಾಂಡೇಟ್ ಹುಡುಕುವುದು. ಆ ಒಂದು ಸಾಲನ್ನು ಓದದೆ ಕಾರ್ಡ್ ಬದಲಿಸುತ್ತ ಹೋದವರು ಬದಲಿ ಕಾರ್ಡಿನ ಶುಲ್ಕವನ್ನೂ ಕಟ್ಟಿ, ಚಂದಾವನ್ನೂ ಕಟ್ಟಿದ್ದಾರೆ.

ಕೊನೆಯದಾಗಿ, ನಮ್ಮ ಊರುಗಳಿಗೆ ಹೆಚ್ಚಾಗಿ ಅನ್ವಯಿಸುವ ಒಂದು ತೊಡಕು. 24 ಗಂಟೆ ಮುಂಚಿನ ಸಂದೇಶ ಎಷ್ಟೇ ಒಳ್ಳೆಯ ನಿಯಮವಾದರೂ ಅದು ಬರುವುದು ಬ್ಯಾಂಕಿನ ಬಳಿ ಇರುವ ಮೊಬೈಲ್ ನಂಬರಿಗೆ ಅಥವಾ ಇಮೇಲಿಗೆ. ಇಲ್ಲಿನ ಎಷ್ಟೋ ಹಿರಿಯರ ಖಾತೆಗೆ ಜೋಡಿಸಿರುವುದು ಮಗನ ನಂಬರ್. ಖಾತೆ ತೆರೆಯುವಾಗ ಮಗ ಮೈಸೂರಿನಲ್ಲಿ ಓದುತ್ತಿದ್ದ, ಈಗ ಹೊರದೇಶದಲ್ಲಿದ್ದಾನೆ. ಆ ಸಿಮ್ ಚಾಲ್ತಿಯಲ್ಲಿ ಇಲ್ಲದಿರಬಹುದು, ಇದ್ದರೂ ನಡುರಾತ್ರಿ ಬಂದ ಸಂದೇಶವನ್ನು ಅವನು ನೋಡದಿರಬಹುದು. ಬೇಡ ಎನ್ನುವುದಕ್ಕೆ ಬೇಕಾದ ಒಟಿಪಿಯೂ ಅಲ್ಲಿಗೇ ಹೋಗುತ್ತದೆ. ಬಹಳ ದಿನ ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು ಟೆಲಿಕಾಂ ಕಂಪನಿ ಬೇರೆಯವರಿಗೆ ಕೊಟ್ಟುಬಿಟ್ಟರೆ ಸಂದೇಶ ಅಪರಿಚಿತರ ಕೈ ಸೇರುತ್ತದೆ. ಪಾಸ್‌ಬುಕ್ ಮತ್ತು ಆಧಾರ್ ತೆಗೆದುಕೊಂಡು ಶಾಖೆಗೆ ಹೋಗಿ, ನನ್ನ ಖಾತೆಗೆ ಯಾವ ನಂಬರ್ ಇದೆ ಎಂದು ಕೇಳಿ. ನಿಮ್ಮ ಕೈಯಲ್ಲಿರುವ ಫೋನಿನದಲ್ಲದಿದ್ದರೆ ಮೊಬೈಲ್ ನಂಬರ್ ಬದಲಾವಣೆಯ ಅರ್ಜಿ ಕೊಟ್ಟು, ಬದಲಾಯಿತು ಎಂಬ ಸಂದೇಶ ನಿಮ್ಮ ಫೋನಿಗೇ ಬಂದದ್ದನ್ನು ನೋಡಿಕೊಂಡು ಬನ್ನಿ. ಓದಲು ಕಷ್ಟವಾದರೆ ಮನೆಯಲ್ಲಿರುವ ಸೊಸೆಯನ್ನೋ ಮೊಮ್ಮಗನನ್ನೋ ಕರೆದು, ಕಂಪನಿಯ ಹೆಸರು, ಮೊತ್ತ, ತಾರೀಖು ಈ ಮೂರನ್ನು ಮಾತ್ರ ಓದಿಸಿಕೊಳ್ಳಿ. ಸಂದೇಶದಲ್ಲಿ ಲಿಂಕ್ ಇದ್ದರೆ ಅದನ್ನು ಒತ್ತಬೇಡಿ, ಬ್ಯಾಂಕಿನ ಆ್ಯಪ್ ತೆರೆದು ಅಲ್ಲಿಂದಲೇ ರದ್ದು ಮಾಡಿ. ಆ್ಯಪ್ ಇಲ್ಲದವರು ಕಡಿತದ ದಿನಕ್ಕೆ ಮುಂಚೆಯೇ ಶಾಖೆಗೆ ಹೋಗಿ.